ಸುತ್ತಿಗೆ ಬಿದ್ದ ಮೇಲಿನ ಲೆಕ್ಕ

ಹರಾಜಿನಲ್ಲಿ ಕೊಂಡ ವಸ್ತುವಿಗೆ ಕೊನೆಗೆ ತೆರಬೇಕಾದ ಹಣ ಮೂರು ಭಾಗಗಳಿಂದ ಕೂಡಿರುತ್ತದೆ. ಮೊದಲನೆಯದು ಸುತ್ತಿಗೆ ಬೆಲೆ, ಅಂದರೆ ಹರಾಜುದಾರ ಸುತ್ತಿಗೆ ಬಡಿದ ಗಳಿಗೆಯಲ್ಲಿ ನಿಂತಿದ್ದ ಕೂಗು. ಎರಡನೆಯದು ಬಯರ್ಸ್ ಪ್ರೀಮಿಯಂ. ಇದು ಕೊಂಡವರಿಂದ ಹರಾಜು ಸಂಸ್ಥೆ ತನಗಾಗಿ ವಸೂಲು ಮಾಡುವ ಶುಲ್ಕ. ಮೂರನೆಯದು ತೆರಿಗೆ. ಇಂಗ್ಲೆಂಡಿನ ಹರಾಜುಗಳಲ್ಲಿ ಈ ತೆರಿಗೆ ಬಹುಮಟ್ಟಿಗೆ ಪ್ರೀಮಿಯಂ ಮೇಲೆ ಮಾತ್ರ ಬೀಳುತ್ತದೆ, ವಸ್ತುವಿನ ಬೆಲೆಯ ಮೇಲೆ ಬೀಳುವುದಿಲ್ಲ. ಯಾವ ಶೇಕಡಾವಾರು ಯಾವ ಮೊತ್ತದ ಮೇಲೆ ಕೂರುತ್ತದೆ ಎಂಬುದೇ ಇಲ್ಲಿನ ಕಗ್ಗಂಟು. ಅದನ್ನು ಬಿಡಿಸಿಕೊಳ್ಳದೆ ಕೈಯೆತ್ತಿದವರಿಗೆ ಬಿಲ್ಲು ಕೈಗೆ ಬಂದಾಗ ಎದೆ ಧಸಕ್ಕೆನ್ನುತ್ತದೆ.

ಈ ಲೆಕ್ಕವನ್ನು ಬಿಡಿಸಿ ನೋಡಲು ಕನ್ನಡಿಗರಿಗೆ ಪರಿಚಿತವಾದ ಒಂದು ವಸ್ತುವೇ ಸಿಗುತ್ತದೆ. 2023ರ ಮೇ 23ರಂದು ಲಂಡನ್ನಿನ ಬೊನ್ಹಾಮ್ಸ್ ಹರಾಜು ಸಂಸ್ಥೆಯಲ್ಲಿ ಟಿಪ್ಪು ಸುಲ್ತಾನನ ಖಡ್ಗವೊಂದು ಮಾರಾಟವಾಯಿತು. ಶ್ರೀರಂಗಪಟ್ಟಣದ ಅರಮನೆಯಲ್ಲಿ ಸುಲ್ತಾನನ ಶಯನಗೃಹದಲ್ಲಿದ್ದ ಈ ಖಡ್ಗವನ್ನು, 1799ರಲ್ಲಿ ಕೋಟೆ ಬಿದ್ದ ನಂತರ, ದಾಳಿಯ ಮುಂದಾಳಾಗಿದ್ದ ಸೇನಾಧಿಕಾರಿ ಡೇವಿಡ್ ಬೇರ್ಡ್‌ಗೆ ಕೊಡುಗೆಯಾಗಿ ನೀಡಲಾಗಿತ್ತು. ಹರಾಜಿಗೆ ಮುಂಚೆ ಸಂಸ್ಥೆ ಕಟ್ಟಿದ್ದ ಅಂದಾಜು 15 ಲಕ್ಷದಿಂದ 20 ಲಕ್ಷ ಪೌಂಡ್. ಪ್ರಕಟವಾದ ಮಾರಾಟದ ಮೊತ್ತ 1,40,80,900 ಪೌಂಡ್. ಕೊನೆಯ ಆ 900 ಗಮನಿಸಬೇಕಾದ ಅಂಕಿ. ಕೋಟಿಗಳ ಪೈಪೋಟಿಯಲ್ಲಿ ಯಾರೂ ಒಂಬೈನೂರು ಪೌಂಡ್ ಸೇರಿಸಿ ಕೂಗುವುದಿಲ್ಲ. ದೊಡ್ಡ ಹರಾಜಿನ ಫಲಿತಾಂಶದಲ್ಲಿ ಇಂಥ ಒರಟು ಅಂಕಿ ಕಂಡರೆ ಅದರೊಳಗೆ ಪ್ರೀಮಿಯಂ ಸೇರಿದೆ ಎಂದೇ ತಿಳಿಯಬಹುದು.

ಸುತ್ತಿಗೆ ಬೆಲೆ ವಸ್ತುವನ್ನು ಮಾರುವವರಿಗೂ ಹರಾಜು ಸಂಸ್ಥೆಗೂ ನಡುವಿನ ಲೆಕ್ಕಕ್ಕೆ ಆಧಾರ. ಮಾರಾಟಗಾರರು ಇದರಲ್ಲಿ ತಮ್ಮ ಪಾಲಿನ ಕಮಿಷನ್ ಕಳೆದು ಉಳಿದದ್ದನ್ನು ಪಡೆಯುತ್ತಾರೆ. ಪ್ರೀಮಿಯಂನಲ್ಲಿ ಅವರಿಗೆ ಸಾಮಾನ್ಯವಾಗಿ ಬಿಡಿಗಾಸೂ ಸೇರುವುದಿಲ್ಲ. ಕ್ಯಾಟಲಾಗಿನಲ್ಲಿ ಅಚ್ಚಾಗುವ ಅಂದಾಜು ಬೆಲೆಯೂ, ಇದಕ್ಕಿಂತ ಕಡಿಮೆಗೆ ಕೊಡಬೇಡಿ ಎಂದು ಮಾರಾಟಗಾರರು ಗುಟ್ಟಾಗಿ ಗೊತ್ತುಪಡಿಸುವ ಕನಿಷ್ಠ ಬೆಲೆಯೂ ಸುತ್ತಿಗೆ ಬೆಲೆಯ ಅಳತೆಯಲ್ಲೇ ಇರುತ್ತವೆ. ಅಂದರೆ ಹರಾಜಿಗೆ ಮುಂಚೆ ಕಾಣುವ ಅಂಕಿ ಪ್ರೀಮಿಯಂ ಇಲ್ಲದ್ದು, ಹರಾಜಾದ ಮೇಲೆ ಪತ್ರಿಕೆಯಲ್ಲಿ ಕಾಣುವ ಅಂಕಿ ಪ್ರೀಮಿಯಂ ಸೇರಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ತಪ್ಪಾದರೂ ಆ ತಪ್ಪು ಪದೇ ಪದೇ ನಡೆಯುತ್ತದೆ. ಖಡ್ಗದ ವಿಷಯದಲ್ಲಿ ಹಾಗೆ ಹೋಲಿಸಿದರೆ ಅಂದಾಜಿನ ಮೇಲ್ಮಿತಿಯ ಏಳು ಪಟ್ಟು ಬೆಲೆ ಬಂತು ಎನಿಸುತ್ತದೆ. ಸುತ್ತಿಗೆ ಬೆಲೆಯನ್ನು ಹೊರತೆಗೆದು ನೋಡಿದರೆ ಅದು ಆರು ಪಟ್ಟು.

ಪ್ರೀಮಿಯಂ ಈಗಿನ ರೂಪದಲ್ಲಿ ಬಹಳ ಹಳೆಯದೇನಲ್ಲ. 1975ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಮತ್ತು ಸೋಥೆಬೀಸ್ ಸಂಸ್ಥೆಗಳು ಶೇ 10ರ ದರದಲ್ಲಿ ಇದನ್ನು ಜಾರಿಗೆ ತಂದವು. ಅದುವರೆಗೆ ಅಲ್ಲಿ ಸಂಸ್ಥೆಯ ಗಳಿಕೆಯ ಭಾರವನ್ನು ಮಾರಾಟಗಾರರೇ ಹೊರುತ್ತಿದ್ದರು. ಬೆಲೆಬಾಳುವ ವಸ್ತು ಉಳ್ಳವರನ್ನು ತಮ್ಮ ಕಡೆ ಸೆಳೆಯಲು ಅವರ ಕಮಿಷನ್ ಇಳಿಸಬೇಕಿತ್ತು. ಖೋತಾ ತುಂಬಲು ಕೊಳ್ಳುವವರ ಕಡೆ ಕೈಚಾಚಲಾಯಿತು. ಪುರಾತನ ವಸ್ತುಗಳ ವ್ಯಾಪಾರಿಗಳು ಆಗ ಗಲಾಟೆ ಎಬ್ಬಿಸಿದರೂ ಪದ್ಧತಿ ನಿಂತಿತು. ಅಷ್ಟೇ ಅಲ್ಲ, ದರವೂ ಏರುತ್ತಾ ಹೋಯಿತು. 2024ರಲ್ಲಿ ಸೋಥೆಬೀಸ್ ತನ್ನ ದರವನ್ನು 60 ಲಕ್ಷ ಡಾಲರ್‌ವರೆಗೆ ಶೇ 20, ಅದರ ಮೇಲಿನದಕ್ಕೆ ಶೇ 10 ಎಂದು ತಗ್ಗಿಸಿ ನೋಡಿತು. ವರ್ಷ ತುಂಬುವುದರೊಳಗೆ ಆ ಪ್ರಯೋಗ ಕೈಬಿಟ್ಟು, 2025ರ ಫೆಬ್ರುವರಿಯಿಂದ 20 ಲಕ್ಷ ಡಾಲರ್‌ವರೆಗಿನ ಭಾಗಕ್ಕೆ ಶೇ 27ರ ದರಕ್ಕೆ ಮರಳಿತು. ಒಂದೇ ಸಂಸ್ಥೆಯ ಕಳೆದ ವರ್ಷದ ಬಿಲ್ಲು ನೋಡಿ ಈ ವರ್ಷದ ಲೆಕ್ಕ ಹಾಕುವಂತಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ದೊಡ್ಡ ಸಂಸ್ಥೆಗಳ ಪ್ರೀಮಿಯಂ ಹಂತ ಹಂತವಾಗಿರುತ್ತದೆ. ಆದಾಯ ತೆರಿಗೆಯ ಸ್ಲ್ಯಾಬಿನ ಹಾಗೆ, ಬೆಲೆಯ ಒಂದೊಂದು ಭಾಗಕ್ಕೆ ಒಂದೊಂದು ದರ. ಖಡ್ಗ ಮಾರಾಟವಾದಾಗ ಬೊನ್ಹಾಮ್ಸ್‌ನ ದರ ಹೀಗಿತ್ತು: ಮೊದಲ 40,000 ಪೌಂಡ್‌ಗೆ ಶೇ 28, ಅಲ್ಲಿಂದ 8 ಲಕ್ಷದವರೆಗೆ ಶೇ 27, ಅಲ್ಲಿಂದ 45 ಲಕ್ಷದವರೆಗೆ ಶೇ 21, ಅದಕ್ಕೂ ಮೇಲಿನ ಭಾಗಕ್ಕೆ ಶೇ 14.5. ಈ ದರಗಳನ್ನು ಹಿಡಿದುಕೊಂಡು ಪ್ರಕಟಿತ ಮೊತ್ತದಿಂದ ಹಿಂದಕ್ಕೆ ನಡೆದರೆ ಸುತ್ತಿಗೆ ಬಿದ್ದ ಅಂಕಿ ಸಿಗುತ್ತದೆ.

ಮೊದಲು 45 ಲಕ್ಷದವರೆಗಿನ ಪ್ರೀಮಿಯಂ ಎಷ್ಟೆಂದು ನೋಡಬೇಕು. 40,000ಕ್ಕೆ ಶೇ 28 ಎಂದರೆ 11,200 ಪೌಂಡ್. ಮುಂದಿನ 7,60,000ಕ್ಕೆ ಶೇ 27 ಎಂದರೆ 2,05,200. ಅದರ ಮುಂದಿನ 37 ಲಕ್ಷಕ್ಕೆ ಶೇ 21 ಎಂದರೆ 7,77,000. ಮೂರೂ ಕೂಡಿ 9,93,400 ಪೌಂಡ್. ಹಾಗಾಗಿ ಸುತ್ತಿಗೆ ಬೆಲೆಯ ಮೊದಲ 45 ಲಕ್ಷ ಪ್ರೀಮಿಯಂ ಸಮೇತ 54,93,400 ಪೌಂಡ್ ಆಗುತ್ತದೆ. ಇದನ್ನು 1,40,80,900ರಲ್ಲಿ ಕಳೆದರೆ 85,87,500 ಉಳಿಯುತ್ತದೆ. ಈ ಉಳಿಕೆಯಲ್ಲಿ 45 ಲಕ್ಷದ ಮೇಲಿನ ಕೂಗೂ, ಅದರ ಮೇಲಿನ ಶೇ 14.5 ಪ್ರೀಮಿಯಂ ಕೂಡ ಅಡಗಿವೆ. ಅದನ್ನು 1.145ರಿಂದ ಭಾಗಿಸಿದರೆ ಸರಿಯಾಗಿ 75 ಲಕ್ಷ ಬರುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. 45 ಲಕ್ಷಕ್ಕೆ 75 ಲಕ್ಷ ಕೂಡಿಸಿದರೆ ಸುತ್ತಿಗೆ ಬೆಲೆ 1 ಕೋಟಿ 20 ಲಕ್ಷ ಪೌಂಡ್. ಕೂಗಾಟದಲ್ಲಿ ಬರಬೇಕಾದಂಥ ದುಂಡು ಅಂಕಿ. ಹೀಗೆ ದುಂಡಾಗಿ ಬರುವುದೇ ಲೆಕ್ಕ ಸರಿಯಿದೆ ಎಂಬುದಕ್ಕೆ ಗುರುತು. ವಕ್ರ ಅಂಕಿ ಬಂದರೆ ಬಳಸಿದ ದರ ಹಳೆಯದು ಎಂದೋ, ಪ್ರಕಟಿತ ಮೊತ್ತದಲ್ಲಿ ಬೇರೇನೋ ಸೇರಿದೆ ಎಂದೋ ಅನುಮಾನಿಸಬೇಕು.

ಒಟ್ಟು ಪ್ರೀಮಿಯಂ 20,80,900 ಪೌಂಡ್. ಇದು ಸುತ್ತಿಗೆ ಬೆಲೆಯ ಶೇ 17.34ರಷ್ಟು. ಹಂತಗಳನ್ನು ಮರೆತು ಇಡೀ ಬೆಲೆಗೆ ಮೊದಲ ದರವಾದ ಶೇ 28 ಹಾಕಿದರೆ 33,60,000 ಪೌಂಡ್ ಬರುತ್ತಿತ್ತು. ಕೊನೆಯ ದರವನ್ನೇ ಇಡೀ ಬೆಲೆಗೆ ಹಾಕಿದರೆ 17,40,000. ಎರಡೂ ತಪ್ಪು. ಒಂದು ಹನ್ನೆರಡೂಮುಕ್ಕಾಲು ಲಕ್ಷದಷ್ಟು ಹೆಚ್ಚು, ಇನ್ನೊಂದು ಮೂರು ಲಕ್ಷದ ಮೇಲೆ ಕಡಿಮೆ.

ಇನ್ನು ತೆರಿಗೆ. ಬ್ರಿಟನ್ನಿನ ವ್ಯಾಟ್ ದರ ಶೇ 20. ಅಂಗಡಿಯಲ್ಲಿ ಹೊಸ ಕುರ್ಚಿ ಕೊಂಡರೆ ಅದರ ಇಡೀ ಬೆಲೆಯ ಮೇಲೆ ಈ ತೆರಿಗೆ ಇರುತ್ತದೆ. ನೂರು ವರ್ಷದ ಹಳೆಯ ಕುರ್ಚಿಯನ್ನು ಮನೆಯೊಂದರಿಂದ ತಂದು ಹರಾಜಿಗಿಟ್ಟರೆ ಪರಿಸ್ಥಿತಿ ಬೇರೆ. ಮಾರುತ್ತಿರುವುದು ವ್ಯಾಟ್‌ಗೆ ನೋಂದಾಯಿಸಿಕೊಳ್ಳದ ಖಾಸಗಿ ವ್ಯಕ್ತಿ. ಬಳಸಿದ ವಸ್ತುವಿನ ಪೂರ್ತಿ ಬೆಲೆಗೆ ಮತ್ತೆ ಮತ್ತೆ ತೆರಿಗೆ ಹಾಕಿದರೆ ಒಂದೇ ವಸ್ತು ಕೈ ಬದಲಾದಾಗಲೆಲ್ಲ ತೆರಿಗೆ ತೆರುತ್ತಾ ಹೋಗಬೇಕಾಗುತ್ತದೆ. ಇದನ್ನು ತಪ್ಪಿಸಲು ಹರಾಜುದಾರರಿಗಾಗಿಯೇ ಮಾರ್ಜಿನ್ ಸ್ಕೀಮ್ ಎಂಬ ವ್ಯವಸ್ಥೆ ಇದೆ. ಅದರ ಪ್ರಕಾರ ತೆರಿಗೆ ಬೀಳುವುದು ಹರಾಜು ಸಂಸ್ಥೆಯ ಗಳಿಕೆಯ ಮೇಲೆ. ಕೊಳ್ಳುವವರ ಕಡೆಯಿಂದ ನೋಡಿದರೆ ಆ ಗಳಿಕೆ ಎಂದರೆ ಪ್ರೀಮಿಯಂ. ಆದ್ದರಿಂದ ಸುತ್ತಿಗೆ ಬೆಲೆಗೆ ತೆರಿಗೆ ಇಲ್ಲ, ಪ್ರೀಮಿಯಂಗೆ ಮಾತ್ರ ಶೇ 20.

ಖಡ್ಗಕ್ಕೆ ಈ ಸಾಮಾನ್ಯ ನಿಯಮವನ್ನು ಅನ್ವಯಿಸಿ, ಕೊಂಡವರು ಅದನ್ನು ಬ್ರಿಟನ್ನಿನಲ್ಲೇ ಇಟ್ಟುಕೊಂಡರು ಎಂದು ಭಾವಿಸಿದರೆ, 20,80,900ರ ಮೇಲೆ ಶೇ 20, ಅಂದರೆ 4,16,180 ಪೌಂಡ್ ತೆರಿಗೆ. ಒಟ್ಟು ಬಿಲ್ಲು 1,44,97,080 ಪೌಂಡ್. ಪತ್ರಿಕೆಗಳಲ್ಲಿ ಬಂದ 1,40,80,900 ಎಂಬ ಅಂಕಿಯಲ್ಲಿ ಪ್ರೀಮಿಯಂ ಇತ್ತು, ತೆರಿಗೆ ಇರಲಿಲ್ಲ. ಅದೇ ಅಂಕಿಗೆ ನೇರವಾಗಿ ಶೇ 20 ಸೇರಿಸಿಬಿಟ್ಟರೆ 1,68,97,080 ಆಗುತ್ತದೆ. ಸರಿಯಾದ ಮೊತ್ತಕ್ಕೂ ಇದಕ್ಕೂ 24 ಲಕ್ಷ ಪೌಂಡ್ ವ್ಯತ್ಯಾಸ. ಆ 24 ಲಕ್ಷ ಎಲ್ಲಿಂದ ಬಂತು ಎಂದು ಹುಡುಕಬೇಕಿಲ್ಲ. ತೆರಿಗೆಯೇ ಇಲ್ಲದ 1 ಕೋಟಿ 20 ಲಕ್ಷದ ಮೇಲೆ ಶೇ 20 ಹಾಕಿದ ಫಲ ಅದು.

ಕೋಟಿಗಳ ಲೆಕ್ಕದಿಂದ ಕೆಳಗಿಳಿದು ಊರಿನ ಸಣ್ಣ ಹರಾಜು ಮನೆಗೆ ಬಂದರೆ ಅಂಕಿಗಳು ಸರಳವಾಗುತ್ತವೆ. ಆದರೆ ಹೊರೆ ಹಗುರಾಗುವುದಿಲ್ಲ. ಇಂಗ್ಲೆಂಡಿನ ಇಂಥ ಕಡೆಗಳಲ್ಲಿ ಇಡೀ ಬೆಲೆಗೆ ಒಂದೇ ದರ, ಉದಾಹರಣೆಗೆ ಶೇ 25, ಇರುವುದುಂಟು. 400 ಪೌಂಡ್‌ಗೆ ಸುತ್ತಿಗೆ ಬಿದ್ದ ಮೇಜಿಗೆ 100 ಪೌಂಡ್ ಪ್ರೀಮಿಯಂ, ಅದರ ಮೇಲೆ 20 ಪೌಂಡ್ ವ್ಯಾಟ್, ಒಟ್ಟು 520. ಶೇ 25 ಮತ್ತು ಶೇ 20 ಎಂಬ ಎರಡು ದರ ಕೇಳಿ ಒಟ್ಟು ಶೇ 45 ಎಂದು ಗಾಬರಿಯಾಗುವವರಿದ್ದಾರೆ. ಇಪ್ಪತ್ತು ಕೂರುವುದು ಇಪ್ಪತ್ತೈದರ ಮೇಲೆ, ನೂರರ ಮೇಲಲ್ಲ. ಹಾಗಾಗಿ ನಿಜವಾದ ಹೆಚ್ಚುವರಿ ಶೇ 30. ಖಡ್ಗದ ಬಿಲ್ಲಿನಲ್ಲಿ ಎಲ್ಲ ಸೇರಿ ಹೆಚ್ಚುವರಿ ಶೇ 21ಕ್ಕೂ ತುಸು ಕಡಿಮೆ. ಹಂತದ ದರಗಳ ಸ್ವಭಾವವೇ ಇದು: ಕಡಿಮೆ ಬೆಲೆಯ ವಸ್ತು ಕೊಂಡವರ ಮೇಲೆ ಶೇಕಡಾವಾರು ಭಾರ ಹೆಚ್ಚು.

ಇದೇ 400 ಪೌಂಡ್ ಮೇಜಿನ ಬಿಲ್ಲು ಕೆಲವೊಮ್ಮೆ 520 ಆಗುವುದಿಲ್ಲ. ಕ್ಯಾಟಲಾಗಿನಲ್ಲಿ ವಸ್ತುವಿನ ಸಂಖ್ಯೆಯ ಪಕ್ಕದಲ್ಲಿ ಪುಟ್ಟದೊಂದು ಗುರುತು ಇರಬಹುದು. ಕಠಾರಿಯ ಆಕಾರದ † ಗುರುತಿದ್ದರೆ ಮಾರಾಟಗಾರರು ವ್ಯಾಟ್‌ಗೆ ನೋಂದಾಯಿಸಿಕೊಂಡವರು, ವಸ್ತು ಮಾರ್ಜಿನ್ ಸ್ಕೀಮಿನ ಹೊರಗಿದೆ ಎಂದರ್ಥ. ಆಗ ಸುತ್ತಿಗೆ ಬೆಲೆ ಮತ್ತು ಪ್ರೀಮಿಯಂ ಎರಡರ ಮೇಲೂ ಶೇ 20. 500ಕ್ಕೆ 100 ಸೇರಿ ಬಿಲ್ಲು 600 ಪೌಂಡ್. ನಕ್ಷತ್ರದ * ಗುರುತಿದ್ದರೆ ವಸ್ತುವನ್ನು ಹೊರದೇಶದಿಂದ ಹರಾಜಿಗಾಗಿಯೇ ತಾತ್ಕಾಲಿಕವಾಗಿ ತರಲಾಗಿದೆ. ಅಂಥದ್ದಕ್ಕೆ ಸುತ್ತಿಗೆ ಬೆಲೆಯ ಮೇಲೆ ಶೇ 5ರ ಆಮದು ವ್ಯಾಟ್, ಪ್ರೀಮಿಯಂ ಮೇಲೆ ಎಂದಿನ ಶೇ 20. ಬಿಲ್ಲು 540. ಗುರುತುಗಳ ಅರ್ಥ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗಬಹುದಾದ್ದರಿಂದ ಕ್ಯಾಟಲಾಗಿನ ಹಿಂಬದಿಯ ಸಣ್ಣಕ್ಷರದ ಪುಟವೇ ಪ್ರಮಾಣ. ಎಲ್ಲರೂ ಹಾರಿಸಿಬಿಡುವ ಪುಟವೂ ಅದೇ.

ಕಠಾರಿ ಗುರುತಿನ ವಸ್ತು ಎಲ್ಲರಿಗೂ ದುಬಾರಿ ಎಂದೇನಲ್ಲ. ಮಾರ್ಜಿನ್ ಸ್ಕೀಮಿನ ಬಿಲ್ಲಿನಲ್ಲಿ ವ್ಯಾಟನ್ನು ಪ್ರತ್ಯೇಕವಾಗಿ ತೋರಿಸುವಂತಿಲ್ಲ. ತೋರಿಸದ ತೆರಿಗೆಯನ್ನು ಯಾರೂ ಸರ್ಕಾರದಿಂದ ಮರಳಿ ಪಡೆಯಲಾಗದು. ಆದ್ದರಿಂದ ಆ ಮೇಜು ನೋಂದಾಯಿತ ವ್ಯಾಪಾರಿಗೂ 520, ಮನೆಬಳಕೆಗೆ ಕೊಂಡವರಿಗೂ 520. ಕಠಾರಿ ಗುರುತಿದ್ದಾಗ ವ್ಯಾಟ್ ಬಿಲ್ಲಿನಲ್ಲಿ ಎದ್ದು ಕಾಣುತ್ತದೆ. ವ್ಯಾಪಾರಿ 600 ಕೊಟ್ಟರೂ ತನ್ನ ತೆರಿಗೆ ಲೆಕ್ಕದಲ್ಲಿ 100 ಪೌಂಡ್ ಹಿಂದಕ್ಕೆ ಪಡೆದು 500ರಲ್ಲಿ ಮುಗಿಸಿಕೊಳ್ಳುತ್ತಾನೆ. ಮನೆಗೆ ಒಯ್ಯುವವರಿಗೆ ಪೂರ್ತಿ 600 ಕೈಬಿಟ್ಟು ಹೋಗುತ್ತದೆ. ಒಂದೇ ಕೋಣೆಯಲ್ಲಿ ಒಂದೇ ವಸ್ತುವಿಗೆ ಪೈಪೋಟಿ ನಡೆಸುವ ಇಬ್ಬರಿಗೆ ಅದೇ ಕೂಗು ಬೇರೆ ಬೇರೆ ಬೆಲೆಯಾಗಿರುವುದು ಹೀಗೆ. ಖಾಸಗಿಯವರು ಕಠಾರಿ ಗುರುತಿನ ವಸ್ತುಗಳಲ್ಲಿ ವ್ಯಾಪಾರಿಗಳ ಮುಂದೆ ಬೇಗ ಸೋಲುವುದಕ್ಕೆ ಇದೂ ಒಂದು ಕಾರಣ.

ವಸ್ತು ದೇಶದಿಂದ ಹೊರಹೋದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಬ್ರಿಟನ್ನಿನಿಂದ ರಫ್ತಾದ ವಸ್ತುವಿನ ಪ್ರೀಮಿಯಂ ಮೇಲಿನ ವ್ಯಾಟನ್ನು, ಗೊತ್ತುಪಡಿಸಿದ ಅವಧಿಯೊಳಗೆ ರಫ್ತಾದ ದಾಖಲೆ ತಲುಪಿಸಿದರೆ, ಸಂಸ್ಥೆ ಹಿಂದಿರುಗಿಸಬಹುದು. ಆದರೆ ಮೊದಲು ಪೂರ್ತಿ ಹಣ ಕಟ್ಟಿ ಆಮೇಲೆ ಕಾಯಬೇಕಾಗುವುದೇ ಹೆಚ್ಚು. ಸಾಮಾನನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ವಿಮಾನ ಹತ್ತಿದವರಿಗೆ ಕೈಯಲ್ಲಿ ರಫ್ತಿನ ಕಾಗದವಿಲ್ಲದೆ ಈ ಹಣ ಕೈತಪ್ಪುವುದುಂಟು. ತಲುಪುವ ದೇಶದ ಆಮದು ಸುಂಕ, ಸಾಗಾಣಿಕೆ, ವಿಮೆ ಇವೆಲ್ಲ ಹರಾಜಿನ ಬಿಲ್ಲಿನ ಆಚೆಯ ಖರ್ಚುಗಳು.

ಪ್ರೀಮಿಯಂಗೆ ಮಾತ್ರ ತೆರಿಗೆ ಎಂಬ ಬ್ರಿಟಿಷ್ ಪದ್ಧತಿಯನ್ನು ಎಲ್ಲ ಕಡೆಗೂ ಹಚ್ಚಲಾಗದು. ನ್ಯೂಯಾರ್ಕ್ ನಗರದಲ್ಲಿ ಶೇ 8.875ರ ಮಾರಾಟ ತೆರಿಗೆ ಸುತ್ತಿಗೆ ಬೆಲೆ ಮತ್ತು ಪ್ರೀಮಿಯಂ ಕೂಡಿದ ಮೊತ್ತದ ಮೇಲೆ ಬೀಳುತ್ತದೆ. ಶೇ 25 ಪ್ರೀಮಿಯಂ ಇದ್ದಲ್ಲಿ 1,000 ಡಾಲರಿನ ಕೂಗು ಅಲ್ಲಿ 1,360 ಡಾಲರ್ 94 ಸೆಂಟ್ ಆಗುತ್ತದೆ. ಬ್ರಿಟನ್ನಿನ ಮಾರ್ಜಿನ್ ಸ್ಕೀಮಿನಲ್ಲಿ 1,000 ಪೌಂಡ್ ಕೂಗು 1,300 ಪೌಂಡ್‌ಗೆ ನಿಲ್ಲುತ್ತದೆ. ತೆರಿಗೆ ದರ ಬ್ರಿಟನ್ನಿನದ್ದೇ ದುಪ್ಪಟ್ಟಿಗಿಂತ ಹೆಚ್ಚು, ಆದರೂ ಬಿಲ್ಲಿನ ಹೆಚ್ಚುವರಿ ಅಲ್ಲೇ ಕಡಿಮೆ. ದರಕ್ಕಿಂತ ಅದು ಕೂರುವ ಮೊತ್ತವೇ ದೊಡ್ಡದು ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ.

ಭಾರತದಲ್ಲಿ ಹರಾಜು ಸಂಸ್ಥೆಯ ಪ್ರೀಮಿಯಂ ಮೇಲೆ ಶೇ 18 ಜಿಎಸ್‌ಟಿ ಇದೆ. ಇದಲ್ಲದೆ ಕಲಾಕೃತಿಯ ಸುತ್ತಿಗೆ ಬೆಲೆಯ ಮೇಲೂ ಜಿಎಸ್‌ಟಿ ಬರಬಹುದು. ಮಾರುವವರು ಯಾರು, ಸಂಸ್ಥೆ ಯಾವ ರೀತಿಯಲ್ಲಿ ಮಾರುತ್ತಿದೆ ಎಂಬುದರ ಮೇಲೆ ಅದು ನಿಂತಿದೆ. ಚಿತ್ರಕಲೆಯ ಮೇಲಿನ ಈ ದರ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಹತ್ತು ಲಕ್ಷ ರೂಪಾಯಿಗೆ ಸುತ್ತಿಗೆ ಬಿದ್ದ ಚಿತ್ರಕ್ಕೆ ಶೇ 20 ಪ್ರೀಮಿಯಂ ಇದೆ ಎಂದುಕೊಂಡರೆ ಪ್ರೀಮಿಯಂ 2 ಲಕ್ಷ, ಅದರ ಮೇಲಿನ ಜಿಎಸ್‌ಟಿ 36,000, ಚಿತ್ರದ ಮೇಲಿನ ಜಿಎಸ್‌ಟಿ 50,000, ಒಟ್ಟು 12,86,000 ರೂಪಾಯಿ. ಚಿತ್ರದ ಮೇಲೆ ತೆರಿಗೆ ಬಾರದ ಸಂದರ್ಭದಲ್ಲಿ 12,36,000. ಎರಡು ದರಗಳು ಒಂದೇ ಬಿಲ್ಲಿನಲ್ಲಿ ಎರಡು ಬೇರೆ ಮೊತ್ತಗಳ ಮೇಲೆ ಕೂರುವುದರಿಂದ ಇವನ್ನು ಒಂದು ಸಾಲಿನಲ್ಲಿ ಕೂಡಿಸಿ ಬರೆದ ಬಿಲ್ಲು ಬಂದರೆ ಬಿಡಿಸಿ ಕೊಡುವಂತೆ ಕೇಳುವುದು ಲೇಸು.

ಹರಾಜಿನ ಕೋಣೆಯಲ್ಲಿ ಬೇಕಾಗುವುದು ಇದೇ ಲೆಕ್ಕದ ತಿರುಗುಮುರುಗು: ಕೈಯಲ್ಲಿರುವ ಹಣಕ್ಕೆ ಎಲ್ಲಿಯವರೆಗೆ ಕೂಗಬಹುದು ಎಂಬುದು. ಶೇ 25 ಪ್ರೀಮಿಯಂ, ಅದರ ಮೇಲೆ ಶೇ 20 ವ್ಯಾಟ್ ಇರುವಲ್ಲಿ ಪ್ರತಿ ಪೌಂಡ್ ಕೂಗಿಗೆ 1.30 ಪೌಂಡ್ ತೆರಬೇಕು. 1,000 ಪೌಂಡ್ ಇಟ್ಟುಕೊಂಡವರು ಅದನ್ನು 1.30ರಿಂದ ಭಾಗಿಸಬೇಕು. ಸಾವಿರದಿಂದ ಶೇ 30 ಕಳೆದು 700 ಎನ್ನುವುದು ಅವಸರದ ತಪ್ಪು. ಸರಿಯಾದ ಉತ್ತರ 769 ಪೌಂಡ್. ಆ ಮಟ್ಟದಲ್ಲಿ ಕೂಗು ಸಾಮಾನ್ಯವಾಗಿ 50 ಪೌಂಡ್‌ಗಳ ಮೆಟ್ಟಿಲಿನಲ್ಲಿ ಏರುವುದರಿಂದ 750ಕ್ಕೆ ನಿಲ್ಲಬೇಕು. ಆಗ ಬಿಲ್ಲು 975. ಇನ್ನೊಂದು ಮೆಟ್ಟಿಲು ಹತ್ತಿ 800 ಎಂದರೆ ಬಿಲ್ಲು 1,040, ಜೇಬು ಮೀರಿತು.

ಮನೆಯಲ್ಲಿ ಕುಳಿತು ಆನ್‌ಲೈನ್ ವೇದಿಕೆಯ ಮೂಲಕ ಕೂಗುವವರಿಗೆ ಇನ್ನೊಂದು ಸಾಲು ಸೇರುತ್ತದೆ. ವೇದಿಕೆಯ ಶುಲ್ಕ ಸುತ್ತಿಗೆ ಬೆಲೆಯ ಸುಮಾರು ಶೇ 5 ಇದ್ದರೆ ಅದರ ಮೇಲೂ ವ್ಯಾಟ್ ಬಿದ್ದು ಶೇ 6 ಆಗುತ್ತದೆ, ಭಾಜಕ 1.36ಕ್ಕೆ ಏರುತ್ತದೆ. ಆಗ ಸಾವಿರ ಪೌಂಡಿಗೆ ಸಿಗುವುದು 735. ಮೆಟ್ಟಿಲಿನ ಪ್ರಕಾರ 700ಕ್ಕೆ ನಿಲ್ಲಬೇಕು, ಬಿಲ್ಲು 952 ಪೌಂಡ್. ಕೋಣೆಯಲ್ಲಿ ಕುಳಿತವರು ಹತ್ತಬಹುದಾಗಿದ್ದ 750ರ ಮೆಟ್ಟಿಲನ್ನು ಆನ್‌ಲೈನ್‌ನವರು ಹತ್ತಿದರೆ 1,020 ಆಗುತ್ತದೆ. ಕೆಲವು ಹರಾಜು ಮನೆಗಳು ತಮ್ಮದೇ ಜಾಲತಾಣದ ಮೂಲಕ ಕೂಗಿದರೆ ಈ ಶುಲ್ಕ ಬಿಡುತ್ತವೆ. ಹಂತದ ದರ ಇರುವಲ್ಲಿ ಭಾಜಕವೂ ಹಂತಕ್ಕೆ ತಕ್ಕಂತೆ ಬದಲಾಗುತ್ತದೆ. ಖಡ್ಗದ ಹರಾಜಿನ ದರಗಳಲ್ಲಿ ಮೊದಲ 40,000 ಪೌಂಡ್‌ನ ಒಳಗೆ ಪ್ರತಿ ಪೌಂಡ್ ಕೂಗಿಗೆ ತೆರಿಗೆ ಸಮೇತ 1.336 ಪೌಂಡ್ ತೆರಬೇಕಿತ್ತು, 45 ಲಕ್ಷದ ಮೇಲೆ 1.174 ಮಾತ್ರ. ಅಂದರೆ ಖಡ್ಗಕ್ಕಾಗಿ ಕೊನೆಯ ಸುತ್ತುಗಳಲ್ಲಿ ಸೆಣಸಿದವರು ಪ್ರತಿ ಒಂದು ಲಕ್ಷ ಏರಿಸಿದಾಗಲೂ ತಮ್ಮ ಬಿಲ್ಲಿಗೆ 1,17,400 ಪೌಂಡ್ ಸೇರಿಸಿಕೊಳ್ಳುತ್ತಿದ್ದರು.